ಅಜ್ಜನ ರೂಮಿಗೆ ಟೈಲ್ಸ್: ಲೆಕ್ಕ ಹಾಕಿದ್ದು ಒಂದು, ಆದದ್ದು ಒಂದು

ಉಡುಪಿ ಮನೆಯ ಹಿಂದಿನ ರೂಮು, ಕೆಂಪು ಸಿಮೆಂಟಿನ ನೆಲ, ಮಳೆಗಾಲ ಮುಗಿಯುವಾಗ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದ್ರ ಮೇಲೇ ಗಮ್ ಹಾಕಿ ಟೈಲ್ಸ್ ಕೂರಿಸುವ ಅಂತ ಮಾಡಿದ್ದು.

ರೂಮು 12 ಅಡಿ, 11 ಅಡಿ, ಅಂದ್ರೆ 132 ಚದರಡಿ. 10 ಪರ್ಸೆಂಟ್ ವೇಸ್ಟೇಜ್ ಸೇರಿಸಿದ್ರೆ 145. ಎರಡಡಿ ಟೈಲು, ಬಾಕ್ಸಿಗೆ ನಾಲ್ಕು, ಹಾಗಾದ್ರೆ 16 ಚದರಡಿ ಅಂತ ನಾನು ಹಿಡ್ಕೊಂಡಿದ್ದೆ, ಆದ್ರೆ ಟೈಲು ನಿಜಕ್ಕೆ 600 ಮಿಲಿಮೀಟರ್, ಎರಡಡಿಗೆ ಒಂದು ಸೆಂಟಿಮೀಟರ್ ಕಮ್ಮಿ, ಬಾಕ್ಸಿಗೆ ಬರುದು ಹದಿನೈದೂವರೆ ಮಾತ್ರ. ಆದ್ರೂ 10 ಬಾಕ್ಸ್ ಸಾಕು ಅಂತ ಬಂತು. ಬಾಕ್ಸಿಗೆ 850 ರೂಪಾಯಿ, ಗಮ್ ಮೂರು ಬ್ಯಾಗ್ 480ರ ಹಾಗೆ, ಮೇಸ್ತ್ರಿಗೆ 1300, ಹೆಲ್ಪರಿಗೆ 900, ಎರಡು ದಿನ. ಒಟ್ಟು 14,340.

ಮೇಸ್ತ್ರಿ ಬಂದು ಟೇಪ್ ಹಿಡಿದವ್ರು, "ಚದರಡಿ ಬಿಡಿ ಮಾರಾಯ್ರೆ, ಸಾಲು ಎಣಿಸಿ" ಅಂದ್ರು. 12 ಅಡಿ ಬದಿಗೆ ಆರು ಟೈಲು ಇಟ್ರೆ ಸಂದು ಬಿಟ್ಟೂ ನಾಲ್ಕು ಸೆಂಟಿಮೀಟರ್ ಖಾಲಿ ಉಳೀತದೆ. ಸ್ಕರ್ಟಿಂಗ್ ಅಡಿಗೆ ಅಡಗುವಷ್ಟು ಸಣ್ಣದಲ್ಲ. ಎರಡೂ ಬದಿ ಸಮ ಕಟ್ ಬರುವ ಹಾಗೆ ಮಧ್ಯದಿಂದ ಶುರು ಮಾಡಿದ್ರೆ ಚಂದ, ಆದ್ರೆ ಒಂದೊಂದು ಕಟ್ 32 ಸೆಂಟಿಮೀಟರ್, ಒಂದು ಟೈಲಿನಲ್ಲಿ ಎರಡು ತುಂಡು ಸಿಕ್ಕುದಿಲ್ಲ, ಸಾಲಿಗೆ ಏಳು ಟೈಲು ಬೇಕು. ಕೊನೆಗೆ ಆ ನಾಲ್ಕು ಸೆಂಟಿಮೀಟರ್ ಪಟ್ಟಿಯನ್ನು ಕಪಾಟು ನಿಲ್ಲುವ ಗೋಡೆ ಬದಿಗೆ ತಳ್ಳಿದ್ವಿ. ಕಣ್ಣಿಗೆ ಬೀಳುದಿಲ್ಲ.

ಇನ್ನೊಂದು ಬದಿಗೆ ಐದು ಪೂರ್ತಿ, ಒಂದು ಕಟ್. ಹಾಗೆ 36 ಆಯ್ತು. ಆ ಸಪೂರ ಪಟ್ಟಿಗೆ ಎರಡು, ಒಂದೇ ಸಾಕಿತ್ತು ಆದ್ರೆ ಅಷ್ಟು ಸಪೂರ ಕತ್ತರಿಸುವಾಗ ಅರ್ಧ ತುಂಡು ಮುರೀತದೆ. ಕಟ್ ಮಾಡಿ ಉಳಿದ ತುಂಡಿನಿಂದ್ಲೇ ಅರ್ಧಕ್ಕಿಂತ ಜಾಸ್ತಿ ಸ್ಕರ್ಟಿಂಗ್ ಬಂತು, ಉಳಿದದ್ದಕ್ಕೆ ಇನ್ನೆರಡು. 40. ಅಂದ್ರೆ 10 ಬಾಕ್ಸು ಕರೆಕ್ಟ್, ಒಂದು ಒಡೆದ್ರೂ ಕೆಲಸ ನಿಂತೀತು. ಆಮೇಲೆ ಒಂದು ಬಾಕ್ಸ್ ತರುವ ಅಂದ್ರೆ ಬ್ಯಾಚ್ ಬೇರೆ ಬಂದು ಬಣ್ಣ ತುಸು ಬದಲಾದ್ರೆ ಎಂತ ಮಾಡುದು? 11 ತಂದೆ.

ಗಮ್ಮಿನ ಕಥೆ ಬೇರೆ. 20 ಕೆಜಿ ಬ್ಯಾಗು ಸುಮಾರು 48 ಚದರಡಿಗೆ ಬರುದು ಮೂರು ಮಿಲಿಮೀಟರ್ ದಪ್ಪಕ್ಕೆ. ಉದ್ದದ ಪಟ್ಟಿ ಅಡ್ಡ ಇಟ್ಟು ನೋಡಿದ್ರೆ ನೆಲದ ನಡುವೆ ಕಿರುಬೆರಳು ತೂರುವಷ್ಟು ತಗ್ಗು, ಮೊದಲೇ ನೋಡ್ಬೇಕಿತ್ತು. ತಗ್ಗಿಗೆ ಸಿಮೆಂಟ್ ಹೊಡೆದು ಸಮ ಮಾಡಿಯೂ ನಾಲ್ಕು ಬ್ಯಾಗ್ ಹೋಯ್ತು.

ಸಂಬಳ ಏರಿದ್ದೂ ಆ ನೆಲದಿಂದ್ಲೇ. ಕೆಂಪು ನೆಲ ನುಣುಪು, ಗಮ್ ಹಿಡಿಯುದಿಲ್ಲ, ಇಡೀ ಕೊಚ್ಚಿ ಒರಟು ಮಾಡ್ಬೇಕು, ಧೂಳು ತೊಳೀಬೇಕು. ಮೊದಲ ದಿನ ಅದ್ರಲ್ಲೇ ಮುಗೀತು, ಒಂದು ಟೈಲೂ ಕೂತಿಲ್ಲ. ಮೂರು ದಿನ, 6,600. ತಗ್ಗಿನ ಸಿಮೆಂಟು, ಗ್ರೌಟು, ಸ್ಪೇಸರ್ ಅಂತ 350. ಒಟ್ಟು 18,220.

ಗ್ರೌಟು ನಾಳೆ. ಒಂದು ಟೈಲಿನ ಮೂಲೆ ಒಡೆದು ಹೋಯ್ತು, ಮೂರು ಟೈಲು ಅಟ್ಟದಲ್ಲಿ ಉಂಟು, ಬ್ಯಾಚ್ ನಂಬ್ರ ಬಾಕ್ಸಿನ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ.