ಸಂಜೆ ಆರರವರೆಗೆ ಬಾರದ ಮೆಸೇಜುಗಳು

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ನಮ್ಮ ಸಣ್ಣ ಕಚೇರಿ ಟೋಕನ್ ವ್ಯವಸ್ಥೆಯನ್ನು ಮಾಡಿಕೊಟ್ಟಿತ್ತು. ಗೇಟಿನಲ್ಲಿ ಟೋಕನ್ ಪಡೆದ ಲಾರಿ ಚಾಲಕನಿಗೆ 40 ನಿಮಿಷಗಳ ನಂತರ 'ವೇಬ್ರಿಜ್‌ಗೆ ಬನ್ನಿ' ಎಂಬ ಮೆಸೇಜ್ ಹೋಗಬೇಕು. ಅದಕ್ಕಾಗಿ ರ‍್ಯಾಬಿಟ್‌ಎಂಕ್ಯೂನಲ್ಲಿ, ಯಾವ ಕನ್ಸ್ಯೂಮರ್ ಕೂಡ ಓದದ ಒಂದು ಕಾಯುವ ಕ್ಯೂ ಇತ್ತು. ಅವಧಿ ಮುಗಿದ ಮೆಸೇಜ್ ಅಲ್ಲಿಂದ ಡೆಡ್ ಲೆಟರ್ ಆಗಿ ಕೆಲಸದ ಕ್ಯೂಗೆ ಬೀಳುತ್ತಿತ್ತು.

ನಾಳೆ ಬರುವವರಿಗೆ ಇಂದು ಸಂಜೆ 6ಕ್ಕೆ ನೆನಪೋಲೆ ಕಳಿಸಬೇಕೆಂದು ಮ್ಯಾನೇಜ್‌ಮೆಂಟ್ ಹೇಳಿದಾಗ, ನಾನು ಅವಕ್ಕೆ ಬೇರೆ ಅವಧಿ ಕೊಟ್ಟು ಅದೇ ಕಾಯುವ ಕ್ಯೂಗೆ ಹಾಕಿ ಮುಗಿಸಿದೆ. 'ಚಿಕ್ಕ ಬದಲಾವಣೆ' ಎಂದಿದ್ದರು, ನಾನೂ ಒಪ್ಪಿದ್ದೆ.

ಮರುದಿನ ಬೆಳಿಗ್ಗೆ 9.10ಕ್ಕೆ ಇಂಥ ಮೊದಲ ನೆನಪೋಲೆ ಹೀಗೆ ಸೇರಿತು:

```
expiration: "31800000"
```

ಮಿಲಿಸೆಕೆಂಡುಗಳಲ್ಲಿ ಅದು 8 ಗಂಟೆ 50 ನಿಮಿಷ. ಹತ್ತೂವರೆಗೆ ವರ್ಕ್ಸ್‌ನಿಂದ ಫೋನ್ ಬಂತು: "ಸರ್, ಗೇಟಿನಲ್ಲಿ ಲಾರಿಗಳು ನಿಂತಿವೆ, ಒಬ್ಬರಿಗೂ ಮೆಸೇಜ್ ಬಂದಿಲ್ಲ." ಕೆಲಸದ ಕ್ಯೂ ನೋಡಿದೆ, ಸೊನ್ನೆ. ಬಾಕಿ ಇಲ್ಲವೆಂದು ನಿರ್ಧರಿಸಿ, ನೇರವಾಗಿ ಅದೇ ಕ್ಯೂಗೆ ನನ್ನ ನಂಬರಿನ ಒಂದು ಪರೀಕ್ಷಾ ಮೆಸೇಜ್ ಹಾಕಿದೆ, ಕ್ಷಣದಲ್ಲಿ ಬಂತು. "ನೆಟ್‌ವರ್ಕ್ ತೊಂದರೆ ಇರಬೇಕು" ಎಂದು ಧೈರ್ಯವಾಗಿ ಹೇಳಿಬಿಟ್ಟೆ. ನನ್ನ ಪರೀಕ್ಷೆ, ಕೆಟ್ಟಿದ್ದ ಕಾಯುವ ಕ್ಯೂವನ್ನೇ ತಪ್ಪಿಸಿ ಹೋಗಿತ್ತು ಎಂಬುದು ಹೊಳೆಯಲಿಲ್ಲ. ಮಧ್ಯಾಹ್ನದ ತನಕ ಕನ್ಸ್ಯೂಮರ್ ಅನ್ನು ಎರಡು ಬಾರಿ ರೀಸ್ಟಾರ್ಟ್ ಮಾಡಿದ್ದೇ ಬಂತು. ವರ್ಕ್ಸ್‌ನವರು ಚಾಲಕರನ್ನು ಕೂಗಿ ಕರೆದು ಕೆಲಸ ಸಾಗಿಸಿದರು.

ಕಾಯುವ ಕ್ಯೂನಲ್ಲಿ Ready 46 ಎಂದು ತೋರಿಸುತ್ತಿತ್ತು. ಕಾಯುತ್ತಿರುವವು ಇರಲೇಬೇಕಲ್ಲ ಎಂದು ಅದನ್ನು ಕಡೆಗಣಿಸಿದ್ದೆ. ಅವಧಿ ಮುಗಿದ ಮೆಸೇಜ್ ಕೂಡ ಕ್ಯೂನ ತಲೆಗೆ ಬಂದಾಗ ಮಾತ್ರ ಹೊರಬೀಳುತ್ತದೆ. ಎಲ್ಲಕ್ಕೂ 40 ನಿಮಿಷವೇ ಇದ್ದಾಗ ಸೇರಿದ ಕ್ರಮವೂ ಮುಗಿಯುವ ಕ್ರಮವೂ ಒಂದೇ ಆದ್ದರಿಂದ ತೊಂದರೆ ಕಾಣಿಸಿರಲಿಲ್ಲ. ಈಗ 6 ಗಂಟೆಯ ನೆನಪೋಲೆ ತಲೆಯಲ್ಲಿ ಕುಳಿತು, ಅದರ ಹಿಂದೆ ಇದ್ದವೆಲ್ಲ ಸಮಯ ಮೀರಿಯೂ ನಿಂತಿದ್ದವು.

ಕಾರಣ ತಿಳಿಯುವಷ್ಟರಲ್ಲಿ ಸಂಜೆ 6 ಆಗಿತ್ತು. ತಲೆಯಲ್ಲಿದ್ದದ್ದು ಹೊರಬಿದ್ದ ಕೂಡಲೇ ಉಳಿದವೂ ಸುರಿದವು. ಕಾಫಿ ಇಳಿಸಿ ಸಕಲೇಶಪುರಕ್ಕೆ ಮರಳಿದ್ದ ಚಾಲಕರಿಗೂ 'ವೇಬ್ರಿಜ್‌ಗೆ ಬನ್ನಿ' ಎಂದು ಹೋಯಿತು.

ಈಗ ಕಾಯುವ ಕ್ಯೂಗೇ 40 ನಿಮಿಷದ `x-message-ttl` ಇದೆ, ಬೇರೆ ಅವಧಿಯದ್ದು ಅಲ್ಲಿಗೆ ಹೋಗುವುದಿಲ್ಲ. ಸಂಜೆಯ ನೆನಪೋಲೆಗಳು ಡೇಟಾಬೇಸಿನಲ್ಲಿ ಕಾಯುತ್ತವೆ, ಪ್ರತಿ ನಿಮಿಷ ನೋಡಿ ಸಮಯವಾದವನ್ನು ಮಾತ್ರ ಕ್ಯೂಗೆ ಹಾಕುತ್ತೇವೆ. ಪ್ರತಿ ಮೆಸೇಜಿನಲ್ಲೂ ನಿಗದಿತ ಸಮಯವಿದ್ದು, 15 ನಿಮಿಷ ಮೀರಿದ್ದರೆ ಕನ್ಸ್ಯೂಮರ್ ಕಳಿಸದೆ ಬಿಡುತ್ತದೆ. ನೆನಪೋಲೆಗಳಿಗಾಗಿ ಗೋಡೆಯ ಸ್ಕ್ರೀನಿನಲ್ಲಿ ಈ ಎಣಿಕೆಯಿದೆ:

```sql
SELECT count(*) FROM reminders
WHERE due_at <= now() AND sent_at IS NULL;
```

ಅದು ಆಗಾಗ 2 ಅಥವಾ 3 ತೋರಿಸುವುದು ಏಕೆಂದು ಮ್ಯಾನೇಜರ್ ಕೇಳುತ್ತಿರುತ್ತಾರೆ. ನಿಮಿಷಕ್ಕೊಮ್ಮೆ ಮಾತ್ರ ನೋಡುತ್ತೇವೆ ಎಂಬ ಉತ್ತರವನ್ನು ನಾನು ನಾಲ್ಕನೇ ಬಾರಿ ಕೊಟ್ಟಿದ್ದೇನೆ.