ಲ್ಯಾಂಪ್ ಉರಿಯುತ್ತಿದೆ, ಲೇಸರ್ ಎಲ್ಲಿ ಹೋಯಿತು?

ಗ್ರಾಹಕರಿಂದ ಬಂದ ದೂರು ಒಂದೇ ಸಾಲಿನದು. ಬೇರಿಂಗ್ ಸ್ಲೀವ್‌ಗಳ ಮೇಲಿನ ಕೋಡ್ ಅವರ ಸ್ಕ್ಯಾನರ್‌ಗೆ ಸಿಗುತ್ತಿರಲಿಲ್ಲ. ಇಡೀ ಲಾಟ್ ವಾಪಸ್ ಬಂದಿತ್ತು. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಗುರುತು ಕೆತ್ತಲು ಇದ್ದದ್ದು ಹಳೆಯ ಎನ್‌ಡಿ-ಯಾಗ್ ಲೇಸರ್. ಈಗ ಎಲ್ಲರೂ ಫೈಬರ್ ಲೇಸರ್ ಕೊಳ್ಳುತ್ತಾರೆ. ನಮ್ಮದು ಕ್ರಿಪ್ಟಾನ್ ಲ್ಯಾಂಪಿನದು, ಬೇರೆ ಕಾರ್ಖಾನೆಯಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು.

ಮುಚ್ಚಳದ ಸಂದಿಯಲ್ಲಿ ನೋಡಿದರೆ ಲ್ಯಾಂಪ್ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಪವರ್ ಸಪ್ಲೈ ಎಂದಿನಂತೆ 15 ಆಂಪಿಯರ್ ತೋರಿಸುತ್ತಿತ್ತು. ಚಿಲ್ಲರ್‌ನ ತಾಪಮಾನವೂ ಸರಿಯಾಗಿತ್ತು. ಪವರ್ ಮೀಟರ್ ಇಟ್ಟಾಗ ಮಾತ್ರ 50 ವಾಟ್ ಬರಬೇಕಾದ ಕಡೆ 10 ವಾಟ್ ಬರುತ್ತಿತ್ತು. "ಲ್ಯಾಂಪ್ ಇಷ್ಟು ಚೆನ್ನಾಗಿ ಉರಿಯುತ್ತಿರುವಾಗ ಲೇಸರ್ ಐದನೇ ಒಂದು ಭಾಗಕ್ಕೆ ಇಳಿಯುವುದು ಹೇಗೆ?" ಎಂದು ಉತ್ಪಾದನಾ ವಿಭಾಗದ ಮುಖ್ಯಸ್ಥರು ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದರೆ ಯಂತ್ರದ ಅರ್ಧ ರಿಪೇರಿ ಮುಗಿದಂತೆ. ಅಂದು ಅದನ್ನು ಬಿಡಿಸಿ ಹೇಳಲು ನಮಗೆ ವ್ಯವಧಾನವಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಈ ಯಂತ್ರದ ಒಳಗೆ ಬಲ್ಬೂ ಇದೆ, ಲೇಸರೂ ಇದೆ. ಚಿನ್ನದ ಲೇಪವಿರುವ ದೀರ್ಘವೃತ್ತಾಕಾರದ ಕ್ಯಾವಿಟಿಯ ಒಂದು ನಾಭಿಯಲ್ಲಿ ಲ್ಯಾಂಪ್, ಇನ್ನೊಂದು ನಾಭಿಯಲ್ಲಿ ಪೆನ್ಸಿಲ್ ತುಂಡಿನಂತಹ ಯಾಗ್ ಹರಳಿನ ರಾಡ್. ಲ್ಯಾಂಪ್ ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ ತಿನ್ನುತ್ತದೆ, ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಅದರಲ್ಲಿ 750 ಮತ್ತು 808 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ರಾಡಿನಲ್ಲಿರುವ ನಿಯೋಡಿಮಿಯಂ ಅಯಾನುಗಳು ಹೀರಿಕೊಂಡು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತವೆ. ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ಚಿಲ್ಲರ್ ನೀರಿಗೆ ಹೋಗುತ್ತದೆ.

ಮೇಲೇರಿದ ಅಯಾನು ಅಲ್ಲಿ ಸುಮಾರು 230 ಮೈಕ್ರೋಸೆಕೆಂಡ್ ನಿಲ್ಲುತ್ತದೆ. ಪರಮಾಣುಗಳ ಲೆಕ್ಕದಲ್ಲಿ ಅದು ಬಹಳ ದೀರ್ಘ ಕಾಲ. ಅದು ಇಳಿಯಬೇಕಾದ ಕೆಳಗಿನ ಮಟ್ಟ ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿದ್ದು, ಅಲ್ಲಿಗೆ ಬಂದ ಅಯಾನು ತಕ್ಷಣ ನೆಲಮಟ್ಟಕ್ಕೆ ಜಾರುತ್ತದೆ. ಹಾಗಾಗಿ ಕೆಳಗಿನ ಮಟ್ಟ ಯಾವಾಗಲೂ ಹೆಚ್ಚುಕಡಿಮೆ ಖಾಲಿ. ಮೇಲೆ ಕೆಲವೇ ಅಯಾನುಗಳಿದ್ದರೂ ಕೆಳಗಿರುವುದಕ್ಕಿಂತ ಅವೇ ಹೆಚ್ಚು. ಪಾಪ್ಯುಲೇಶನ್ ಇನ್ವರ್ಶನ್ ಎಂದರೆ ಇದೇ. ಬರೀ ಬಿಸಿ ಮಾಡಿ ಇದನ್ನು ಸಾಧಿಸಲು ಆಗುವುದಿಲ್ಲ. ಬಲ್ಬಿನ ಟಂಗ್‌ಸ್ಟನ್ ತಂತಿಯ 2800 ಕೆಲ್ವಿನ್ ಬಿಸಿಯಲ್ಲೂ ಇಷ್ಟು ಶಕ್ತಿಯ ಅಂತರವಿರುವ ಎರಡು ಮಟ್ಟಗಳಲ್ಲಿ, ಕೆಳಗಿನದರಲ್ಲಿ ನೂರು ಇದ್ದರೆ ಮೇಲಿನದರಲ್ಲಿ ಒಂದೂ ಇರುವುದಿಲ್ಲ. ಎಷ್ಟೇ ಕಾಯಿಸಿದರೂ ಮೇಲಿನದು ಕೆಳಗಿನದನ್ನು ಮೀರುವುದಿಲ್ಲ.

ಹಾಗಾದರೆ ಇನ್ವರ್ಶನ್ ಆದ ಕೂಡಲೇ ಲೇಸರ್ ಬರಬೇಕಲ್ಲವೇ? ಇಲ್ಲ. ನಮ್ಮಲ್ಲಿ ಹಲವರು ಎಡವುವುದು ಇಲ್ಲಿಯೇ. ಲ್ಯಾಂಪ್ 5 ಆಂಪಿಯರ್‌ನಲ್ಲಿ ಮಂದವಾಗಿ ಉರಿಯುವಾಗಲೂ ನಮ್ಮ ರಾಡಿನಲ್ಲಿ ಇನ್ವರ್ಶನ್ ಇರುತ್ತದೆ. ಆದರೆ ಅಯಾನುಗಳು ತಮ್ಮಷ್ಟಕ್ಕೆ ತಾವೇ, ತಮಗೆ ತೋಚಿದ ಹೊತ್ತಿಗೆ, ತೋಚಿದ ದಿಕ್ಕಿಗೆ 1064 ನ್ಯಾನೋಮೀಟರ್ ಬೆಳಕು ಬಿಟ್ಟು ಇಳಿಯುತ್ತಿರುತ್ತವೆ. ಆಗ ರಾಡ್ ಕೂಡ ಒಂದು ಬಲ್ಬೇ. ಅಂತಹ ಒಂದು ಫೋಟಾನ್ ರಾಡಿನ ಉದ್ದಕ್ಕೆ ಹೊರಟು ಇನ್ನೊಂದು ಉದ್ರಿಕ್ತ ಅಯಾನನ್ನು ದಾಟುವಾಗ, ಆ ಅಯಾನು ಅದೇ ದಿಕ್ಕಿನ, ಅದೇ ತರಂಗಾಂತರದ, ಅದೇ ಹಂತದ ಎರಡನೇ ಫೋಟಾನ್ ಕೊಡುತ್ತದೆ. 1917ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದ ಪ್ರಚೋದಿತ ಉತ್ಸರ್ಜನೆ ಇದು. ಎರಡು ತುದಿಯ ಕನ್ನಡಿಗಳು ಈ ಬೆಳಕನ್ನು ಮತ್ತೆ ಮತ್ತೆ ರಾಡಿಗೆ ಹಿಂದಿರುಗಿಸುತ್ತವೆ.

ಪ್ರತಿ ಸುತ್ತಿನಲ್ಲೂ ನಷ್ಟವಿದೆ. ನಮ್ಮ ಔಟ್‌ಪುಟ್ ಕನ್ನಡಿ ಶೇ 88ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸಿ ಉಳಿದದ್ದನ್ನು ಹೊರಬಿಡುತ್ತದೆ. ಬೆಳಕಿನ ದಾರಿಯನ್ನು ಮುಚ್ಚಿ ತೆರೆಯುವ ಕ್ಯೂ-ಸ್ವಿಚ್, ರಾಡಿನ ತುದಿಗಳು, ಹಿಂದಿನ ಕನ್ನಡಿ ಸೇರಿ ಇನ್ನೊಂದು ಶೇ 4 ಹೋಗುತ್ತದೆ. ಲಾಗರಿದಂ ಲೆಕ್ಕದಲ್ಲಿ ಒಂದು ಸುತ್ತಿನ ಒಟ್ಟು ನಷ್ಟ 0.169. ರಾಡಿನ ವರ್ಧನೆ ಇದನ್ನು ತುಂಬಿಕೊಡುವವರೆಗೆ ಕಿರಣ ಹುಟ್ಟುವುದಿಲ್ಲ. ನಮ್ಮ ಯಂತ್ರದಲ್ಲಿ ಅದು ತುಂಬುತ್ತಿದ್ದದ್ದು 10 ಆಂಪಿಯರ್‌ಗೆ. ಅದೇ ಥ್ರೆಶೋಲ್ಡ್. ಅದನ್ನು ದಾಟಿದ ಮೇಲೆ ಇನ್ವರ್ಶನ್ ಏರುವುದು ನಿಲ್ಲುತ್ತದೆ, ಹೆಚ್ಚುವರಿ ಪಂಪ್ ಶಕ್ತಿ ಕಿರಣಕ್ಕೆ ಸೇರುತ್ತದೆ. ಆಂಪಿಯರ್‌ಗೆ ಸುಮಾರು 10 ವಾಟ್‌ನಂತೆ 15 ಆಂಪಿಯರ್‌ಗೆ 50 ವಾಟ್.

ಈಗ ಒಂದು ಕಡೆ ಸಣ್ಣ ಕಲೆ ಬಿದ್ದು ಪ್ರತಿ ಸುತ್ತಿಗೆ 0.06 ನಷ್ಟ ಹೆಚ್ಚಾಯಿತು ಎಂದುಕೊಳ್ಳಿ. ಒಟ್ಟು 0.229 ಆಗುತ್ತದೆ, ಅಂದರೆ ಮೊದಲಿನ 1.36 ಪಟ್ಟು. ಥ್ರೆಶೋಲ್ಡ್ ಕೂಡ ಅಷ್ಟೇ ಪಟ್ಟು ಏರಿ 13.6ಕ್ಕೆ ಹೋಗುತ್ತದೆ. ಅದರ ಮೇಲೆ ಉಳಿಯುವುದು 1.4 ಆಂಪಿಯರ್ ಮಾತ್ರ. ಆಂಪಿಯರ್‌ಗೆ ಸಿಗುವ ಬೆಳಕೂ 10 ವಾಟ್‌ನಿಂದ 7.4ಕ್ಕೆ ಇಳಿಯುತ್ತದೆ, ಏಕೆಂದರೆ ಹುಟ್ಟಿದ ಬೆಳಕಿನಲ್ಲಿ ಒಂದು ಪಾಲನ್ನು ಕಲೆ ನುಂಗುತ್ತಿದೆ. ಗುಣಿಸಿದರೆ ಸುಮಾರು 10 ವಾಟ್. ತಿಂಗಳ ಸಂಬಳ ಇದ್ದಷ್ಟೇ ಇದ್ದು ಮನೆ ಖರ್ಚು ಮೂರನೇ ಒಂದು ಭಾಗ ಏರಿದರೆ ಉಳಿತಾಯಕ್ಕೆ ಏನಾಗುತ್ತದೋ ಕಿರಣಕ್ಕೂ ಅದೇ ಆಗುತ್ತದೆ. ಬಲ್ಬಿನ ಗಾಜಿನ ಮೇಲೆ ಶೇ 6ರಷ್ಟು ಬೆಳಕು ತಡೆಯುವ ಧೂಳು ಕೂತರೆ ಹೋಗುವುದು ಶೇ 6 ಬೆಳಕು. ಲೇಸರಿನ ಒಳಗೆ ಅಷ್ಟೇ ಕೊಳೆ ಶೇ 80 ಬೆಳಕನ್ನು ಒಯ್ಯುತ್ತದೆ. ಬಲ್ಬಿಗೂ ಲೇಸರಿಗೂ ಇರುವ ವ್ಯತ್ಯಾಸದಲ್ಲಿ ಬಣ್ಣ, ದಿಕ್ಕುಗಳಿಗಿಂತ ಇದೇ ನನಗೆ ಕೆಲಸಕ್ಕೆ ಬಂದದ್ದು.

ಆದರೆ ಆ ದಿನ ನಾನೂ ಸೇರಿ ಎಲ್ಲರೂ "ಲ್ಯಾಂಪ್ ಸವೆದಿದೆ" ಎಂದೆವು. ಹಾಗೆ ಅನ್ನಿಸಲು ಕಾರಣವಿತ್ತು. ಲ್ಯಾಂಪ್ ಹಳತಾದರೂ ಥ್ರೆಶೋಲ್ಡ್ ಏರುತ್ತದೆ, ಆಂಪಿಯರ್‌ಗೆ ಸಿಗುವ ಬೆಳಕು ಇಳಿಯುತ್ತದೆ. ಪವರ್ ಮೀಟರಿನಲ್ಲಿ ಎರಡೂ ದೋಷ ಒಂದೇ ರೀತಿ ಕಾಣುತ್ತವೆ. ಗಂಟೆಯ ಮೀಟರ್ ನೋಡಿದರೆ ಲ್ಯಾಂಪಿಗೆ ಆಯುಸ್ಸು ಇನ್ನೂ ಇತ್ತು, ಆದರೂ ಹೊಸದು ಹಾಕಿಸಿದೆವು. ಬಂದದ್ದು 11 ವಾಟ್.

ಅಷ್ಟರಲ್ಲಿ ಲಾರಿ ಗೇಟಿನ ಬಳಿ ನಿಂತಿತ್ತು. ಮುಖ್ಯಸ್ಥರು "ಕರೆಂಟ್ ಏರಿಸಿ, ಈ ಲಾಟ್ ಮುಗಿಯಲಿ" ಎಂದರು. 18 ಆಂಪಿಯರ್‌ಗೆ ಏರಿಸಿದಾಗ 32 ವಾಟ್ ಬಂತು, ಕೋಡ್ ಓದಿಸಿಕೊಂಡಿತು. ಎಲ್ಲರ ಮುಖದಲ್ಲೂ ಸಮಾಧಾನ. ಕೆಲವು ಟ್ರೇ ಆಗುವಷ್ಟರಲ್ಲಿ ಗುರುತು ಮತ್ತೆ ಮಸುಕಾಗತೊಡಗಿತು. ಮೀಟರ್ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. "20 ಮಾಡಿ" ಎಂಬ ಮಾತು ಬಂತು. ನನ್ನ ಕೈ ಗುಂಡಿಯ ಮೇಲೆಯೇ ಇತ್ತು. ಸವೆದ ಲ್ಯಾಂಪ್ ನಿಮಿಷಗಳ ಲೆಕ್ಕದಲ್ಲಿ ಹೀಗೆ ಇಳಿಯುವುದಿಲ್ಲ. ಒಳಗೆ ಯಾವುದೋ ಜಾಗ ಬೆಳಕು ಹೀರಿ ಕಾಯುತ್ತಿದೆ, ಇನ್ನೂ ಏರಿಸಿದರೆ ಅದು ಸುಡುತ್ತದೆ ಎಂದು ಅನ್ನಿಸಿತು. ಯಂತ್ರ ಆರಿಸಿದೆ. ಅದಕ್ಕಾಗಿ ಕೇಳಿಸಿಕೊಂಡ ಮಾತುಗಳು ಈಗಲೂ ನೆನಪಿವೆ.

ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು, ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದವರು. ಅವರು ಎರಡನೇ ಶಿಫ್ಟಿಗೆ ಬಂದವರೇ, "ಕಿರಣ ಎಷ್ಟು ಆಂಪಿಯರ್‌ಗೆ ಹುಟ್ಟುತ್ತಿದೆ, ನೋಡಿದಿರಾ?" ಎಂದು ಕೇಳಿದರು. "ಇಲ್ಲ ಅಣ್ಣ" ಎಂದೆ. ಕ್ಯೂ-ಸ್ವಿಚ್ ತೆರೆದಿಟ್ಟು, ಕಣ್ಣಿಗೆ ಕಾಣದ ಕಿರಣ ಬಿದ್ದಲ್ಲಿ ಹೊಳೆಯುವ ಐಆರ್ ಕಾರ್ಡ್ ಹಿಡಿದು, ಕರೆಂಟನ್ನು ನಿಧಾನವಾಗಿ ಏರಿಸಿದೆವು. 13.5 ದಾಟಿದ ಮೇಲೆ ಕಾರ್ಡಿನ ಮೇಲೆ ಚುಕ್ಕೆ ಮೂಡಿತು. ಹಳೆಯ ಇನ್‌ಸ್ಟಾಲೇಶನ್ ವರದಿಯಲ್ಲಿ 10 ಎಂದು ಬರೆದಿತ್ತು. ಹೊಸ ಲ್ಯಾಂಪಿನಲ್ಲೂ ಇಷ್ಟು ವ್ಯತ್ಯಾಸವಿದ್ದರೆ ದೋಷ ಬೆಳಕಿನ ದಾರಿಯಲ್ಲೇ ಇರಬೇಕು.

ಆಗಲೇ ಹೊಸ ಟ್ರೈನಿ ಹುಡುಗ ಕನ್ನಡಕ ಹಣೆಗೇರಿಸಿ, ಕಿರಣ ಹೊರಡುವ ಕಡೆಗೆ ಬಗ್ಗಿದ. ಅಣ್ಣ ಅವನ ಭುಜ ಹಿಡಿದು ಹಿಂದಕ್ಕೆಳೆದರು. "ಏನೂ ಕಾಣುತ್ತಿಲ್ಲವಲ್ಲ ಅಣ್ಣ" ಎಂದ. 1064 ಕಣ್ಣಿಗೆ ಕಾಣುವುದಿಲ್ಲ, ಆದರೆ ಅಕ್ಷಿಪಟಲಕ್ಕೆ ತಲುಪುತ್ತದೆ. ಒಂದು ಮೀಟರ್ ದೂರದ 60 ವಾಟ್ ಬಲ್ಬ್ ತನ್ನ ಶಕ್ತಿಯನ್ನೆಲ್ಲ ಸುತ್ತಲೂ ಸಮನಾಗಿ ಹರಡಿದರೆ ಅಗಲವಾಗಿ ತೆರೆದ ಪಾಪೆಯೊಳಕ್ಕೆ ಹೋಗುವುದು ಒಂದು ಮಿಲಿವಾಟಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ, ಅದೂ ಬಲ್ಬಿನ ಬಿಂಬದಷ್ಟು ಅಗಲಕ್ಕೆ ಹಂಚಿಕೊಂಡು. ಲೇಸರ್ ಕಿರಣ ಹರಡಿಕೊಳ್ಳದೆ ಬಂದು, ಕಣ್ಣಿನ ಮಸೂರದ ಮೂಲಕ ಒಂದು ಸೂಕ್ಷ್ಮ ಬಿಂದುವಿನಲ್ಲಿ ಕೂಡುತ್ತದೆ. ಕಾಣದ ಬೆಳಕಿಗೆ ರೆಪ್ಪೆಯೂ ಮುಚ್ಚುವುದಿಲ್ಲ. ಅಂದು ನನಗೆ ನಿಜವಾಗಿ ಭಯವಾದದ್ದು ಆ ಕ್ಷಣದಲ್ಲಿ, ಲಾರಿ ನಿಂತಿದ್ದಾಗ ಅಲ್ಲ.

ಮುಂದಿನ ಸುಳಿವು ತೂಕದ ಚೀಟಿಯ ಥರ್ಮಲ್ ಕಾಗದದಲ್ಲಿ ಸಿಕ್ಕಿತು. ಕಿರಣವನ್ನು ಅದರ ಮೇಲೆ ಕ್ಷಣಮಾತ್ರ ಬಿಟ್ಟಾಗ ದುಂಡಗೆ ಮೂಡಬೇಕಾದ ಕಪ್ಪು ಗುರುತಿನ ಕೆಳಅಂಚು ಕಚ್ಚಿದಂತೆ ಖಾಲಿಯಾಗಿತ್ತು. ಲ್ಯಾಂಪ್ ಸವೆದರೆ ಗುರುತು ಒಟ್ಟಾರೆ ತೆಳುವಾಗುತ್ತದೆ, ಒಂದೇ ಕಡೆ ಹೀಗೆ ಕಚ್ಚುವುದಿಲ್ಲ. ವಿದ್ಯುತ್ ಪೂರ್ತಿ ತೆಗೆದು ಒಳಗೆ ಟಾರ್ಚ್ ಹಾಕಿ ನೋಡಿದೆವು. ರಾಡನ್ನು ಹಿಡಿದ ಓ-ರಿಂಗ್ ಗಟ್ಟಿಯಾಗಿ, ಬಿರುಕುಬಿಟ್ಟು, ನೀರು ಜಿನುಗಿತ್ತು. ರಾಡಿನ ತುದಿಯ ಕೆಳಭಾಗದಲ್ಲಿ ಒಣಗಿದ ನೀರಿನ ಕಲೆ ಇತ್ತು. ಓರೆಯಾಗಿ ಬೆಳಕು ಬಿದ್ದಾಗ ಮಾತ್ರ ಕಾಣುವಷ್ಟು ತೆಳು. ನಡುವೆ ಸೂಜಿಮೊನೆಯಷ್ಟು ಜಾಗದಲ್ಲಿ ಲೇಪ ಸುಟ್ಟಿತ್ತು.

ಓ-ರಿಂಗ್ ಬದಲಿಸಿ, ಲೆನ್ಸ್ ಟಿಶ್ಯೂಗೆ ಮೆಥನಾಲ್ ಹಾಕಿ, ಉಜ್ಜದೆ ಒಂದೇ ಎಳೆತಕ್ಕೆ ಒರೆಸಿದೆವು. ಕಲೆ ಹೋಯಿತು. ಸುಟ್ಟ ಚುಕ್ಕೆ ಉಳಿಯಿತು. ಥ್ರೆಶೋಲ್ಡ್ 10.6ಕ್ಕೆ ಇಳಿಯಿತು, 10ಕ್ಕೆ ಮರಳಲಿಲ್ಲ. ಅಂದರೆ ಪ್ರತಿ ಸುತ್ತಿನಲ್ಲೂ ಶೇ 1ರಷ್ಟು ನಷ್ಟ ಹಾಗೆಯೇ ಉಳಿದಿದೆ. 15 ಆಂಪಿಯರ್‌ಗೆ 41 ವಾಟ್, 16ಕ್ಕೆ 51. ಹೊಸ ರಾಡಿಗೆ ಅನುಮತಿ ಸಿಗುವವರೆಗೆ 16ರಲ್ಲೇ ಓಡಿಸಿದೆವು.

ನಿರ್ವಹಣೆಯ ನಮೂನೆಯಲ್ಲಿ ಲ್ಯಾಂಪಿನ ಗಂಟೆ, ಕರೆಂಟ್, ನೀರಿನ ತಾಪಮಾನಗಳಿಗೆ ಕಾಲಂ ಇತ್ತು. ಥ್ರೆಶೋಲ್ಡಿಗೆ ಇರಲಿಲ್ಲ. ನಮೂನೆ ಬದಲಿಸಲು ಮುಖ್ಯ ಕಚೇರಿಯ ಒಪ್ಪಿಗೆ ಬೇಕೆಂದರು, ಅದು ಬರಲಿಲ್ಲ. ಸೋಮವಾರದ ಮೊದಲ ಶಿಫ್ಟಿನಲ್ಲಿ ಕಿರಣ ಎಷ್ಟು ಆಂಪಿಯರ್‌ಗೆ ಹುಟ್ಟಿತು ಎಂಬುದನ್ನು ನಾವು ಷರಾ ಕಾಲಂನಲ್ಲೇ ಬರೆಯತೊಡಗಿದೆವು. ಅರ್ಧ ಆಂಪಿಯರ್ ಏರಿದರೆ ಮೊದಲು ಥರ್ಮಲ್ ಕಾಗದ, ಆಮೇಲೆ ಓ-ರಿಂಗ್, ಕೊನೆಗೆ ಲ್ಯಾಂಪ್. ಈ ಕ್ರಮ ತಪ್ಪಿಸಿ ಯಾರೂ ಕರೆಂಟ್ ಏರಿಸಬಾರದು ಎಂದು ಗುಂಡಿಯ ಪಕ್ಕದಲ್ಲೇ ಚೀಟಿ ಅಂಟಿಸಿದೆವು.