‘ಬಡ್ಡಿ ಕಟ್ಟದಿದ್ರೂ ನಡೆಯುತ್ತೆ ಅಂದಿದ್ರಲ್ಲ ಸಾರ್?’

ಈ ವಾರ ವಿಮಾ ಕಂಪನಿಯೊಂದರ ಶಾಖೆಯಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಸಾಲದ ಕೌಂಟರಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು. ಪಾಲಿಸಿಯ ಮೇಲಿನ ಸಾಲ ಬಡ್ಡಿ ಸೇರಿ, ಪಾಲಿಸಿ ಬಿಟ್ಟರೆ ಸಿಗುವ ಸರೆಂಡರ್ ಮೌಲ್ಯವನ್ನು ಮೀರಿದೆ, ಬಾಕಿ ಕಟ್ಟದಿದ್ದರೆ ಪಾಲಿಸಿಯನ್ನು ಮುಕ್ತಾಯಗೊಳಿಸುತ್ತೇವೆ ಎಂಬ ನೋಟಿಸು ಅದು.

‘ಬಡ್ಡಿ ಕಟ್ಟದಿದ್ರೂ ನಡೆಯುತ್ತೆ, ಕೊನೇಲಿ ಹಿಡ್ಕೋತಾರೆ ಅಂತ ಏಜೆಂಟ್ ಅಂದಿದ್ರಲ್ಲ ಸಾರ್?’

‘ನಡೀತಿತ್ತು ಅಮ್ಮ, ಪ್ರೀಮಿಯಂ ಕಟ್ತಾ ಇದ್ದಿದ್ರೆ.’

ಗುಮಾಸ್ತರು ಒರಟಾಗಿ ಹೇಳಲಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಮಾತನ್ನೂ ಹೇಳಲಿಲ್ಲ. ಜೊತೆಗಿದ್ದ ಮಗ ‘ಸುಮ್ನಿರಮ್ಮ, ಹೋದ್ರೆ ಹೋಯ್ತು’ ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟೇ ಬಂತು. ಹನ್ನೆರಡು ವರ್ಷ ಪ್ರೀಮಿಯಂ ಕಟ್ಟಿದ ತಾಯಿಯ ಪ್ರಶ್ನೆ ಸರಿಯಾಗಿಯೇ ಇತ್ತು, ಗುಮಾಸ್ತರ ಉತ್ತರವೂ ಸರಿಯಾಗಿಯೇ ಇತ್ತು. ಆ ಎರಡು ಮಾತುಗಳ ನಡುವೆ ಇರುವ ಲೆಕ್ಕವನ್ನು ಸಾಲ ಕೊಡುವ ದಿನವೇ ಯಾರಾದರೂ ಬಿಡಿಸಿ ಹೇಳಬೇಕಿತ್ತು. ಏಜೆಂಟ್ ಸುಳ್ಳು ಹೇಳಿದರೆಂದು ನಾನು ಅನ್ನುವುದಿಲ್ಲ. ಅರ್ಧ ಹೇಳಿ ನಿಲ್ಲಿಸಿದರು, ಮತ್ತು ನಿಲ್ಲಿಸಿದ್ದು ಕೇಳುವವರಿಗೆ ಹಿತವಾಗುವ ಜಾಗದಲ್ಲಿ.

ಈ ಸಾಲದಲ್ಲಿ ಕಂಪನಿ ನೋಡುವುದು ನಮ್ಮ ಸಂಬಳವನ್ನಲ್ಲ, ಸಿಬಿಲ್ ಅಂಕವನ್ನೂ ಅಲ್ಲ. ಪಾಲಿಸಿಯನ್ನು ಇವತ್ತೇ ಬಿಟ್ಟುಬಿಟ್ಟರೆ ಎಷ್ಟು ಬರುತ್ತದೆ ಎಂಬ ಸರೆಂಡರ್ ಮೌಲ್ಯವೊಂದನ್ನೇ ನೋಡುತ್ತದೆ. ಹಾಗಾಗಿ ಸಾವಿಗೆ ಮಾತ್ರ ಹಣ ಕೊಡುವ, ಸರೆಂಡರ್ ಮೌಲ್ಯವೇ ಇಲ್ಲದ ಟರ್ಮ್ ಪಾಲಿಸಿಗೆ ಸಾಲವಿಲ್ಲ. ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸುವ ಯುಲಿಪ್‌ಗೆ ಸಾಲ ಕೊಡಲು ನಿಯಮವೇ ಬಿಡುವುದಿಲ್ಲ. ಅವಧಿ ಮುಗಿದಾಗಲೂ ಹಣ ಕೊಡುವ ಎಂಡೋಮೆಂಟ್ ಮಾದರಿಯ ಪಾಲಿಸಿ ಚಾಲ್ತಿಯಲ್ಲಿದ್ದರೆ ಎಲ್‌ಐಸಿಯಲ್ಲಿ ಸಾಮಾನ್ಯವಾಗಿ ಆ ಮೌಲ್ಯದ ಶೇ. 90ರವರೆಗೆ ಕೊಡುತ್ತಾರೆ. ಪ್ರೀಮಿಯಂ ನಿಲ್ಲಿಸಿ ಪೇಯ್ಡ್‌ಅಪ್ ಆಗಿದ್ದರೆ, ಅಂದರೆ ಕಟ್ಟಿದಷ್ಟರ ಮಟ್ಟಿಗೆ ಮಾತ್ರ ಪಾಲಿಸಿ ಉಳಿದಿದ್ದರೆ, ಅದಕ್ಕಿಂತ ಕಡಿಮೆ. ಅರ್ಜಿ, ಮೂಲ ಬಾಂಡ್, ಬ್ಯಾಂಕ್ ಖಾತೆಯ ವಿವರ ಕೊಟ್ಟು ಪಾಲಿಸಿಯನ್ನು ಕಂಪನಿಯ ಹೆಸರಿಗೆ ಅಸೈನ್ ಮಾಡಿದರೆ, ಅಂದರೆ ಅದರ ಹಕ್ಕನ್ನು ಬರೆದುಕೊಟ್ಟರೆ, ಹಣ ನೇರ ಖಾತೆಗೆ ಬರುತ್ತದೆ. ನಾಮಿನೇಷನ್ ರದ್ದಾಗುತ್ತದೆಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. 1938ರ ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸಾಲಕ್ಕಾಗಿ ವಿಮಾ ಕಂಪನಿಗೇ ಅಸೈನ್ ಮಾಡಿದಾಗ ನಾಮಿನಿಯ ಹಕ್ಕು ಉಳಿಯುತ್ತದೆ, ಸಾಲದ ಬಾಕಿಯಷ್ಟು ಮಾತ್ರ ಕಡಿಮೆಯಾಗುತ್ತದೆ.

ಇಷ್ಟು ಸುಲಭವಾಗಿ ಸಿಗುವ ಸಾಲದ ಅಪಾಯ ಇರುವುದು ಇದಕ್ಕೆ ಮಾಸಿಕ ಕಂತು ಇಲ್ಲ ಎಂಬುದರಲ್ಲಿ. ಅಸಲನ್ನು ಯಾವಾಗ ಬೇಕಾದರೂ, ಎಷ್ಟೆಷ್ಟು ಬೇಕಾದರೂ ಕಟ್ಟಬಹುದು. ಕಟ್ಟದಿದ್ದರೆ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಖಾತೆಯಿಂದ ತಾನಾಗಿ ಹಣ ಕಡಿತವಾಗುವುದೂ ಇಲ್ಲ. ‘ನಡೆಯುತ್ತೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ.

ಬಡ್ಡಿಯ ಷರತ್ತು ನೋಡೋಣ. ಎಲ್‌ಐಸಿಯ ಇತ್ತೀಚಿನ ಹಲವು ಯೋಜನೆಗಳ ಕೈಪಿಡಿಯಲ್ಲಿ ವರ್ಷಕ್ಕೆ ಶೇ. 9.5, ಅರ್ಧವರ್ಷಕ್ಕೊಮ್ಮೆ ಚಕ್ರಬಡ್ಡಿ ಎಂದು ಇರುತ್ತದೆ. ದರವನ್ನು ಕಂಪನಿ ವರ್ಷಕ್ಕೊಮ್ಮೆ ನಿಗದಿ ಮಾಡುತ್ತದೆ, ಆದರೆ ಸಾಲ ಮಂಜೂರಾದ ದಿನದ ದರವೇ ಆ ಸಾಲದ ಪೂರ್ತಿ ಅವಧಿಗೆ ಅನ್ವಯ. ಎಲ್ಲ ಕಂಪನಿಗಳಲ್ಲೂ ಹೀಗೇ ಎಂದುಕೊಳ್ಳಬೇಡಿ. ಕೆಲವೆಡೆ ದರ ನಡುವೆ ಬದಲಾಗಬಹುದು. ಸಹಿ ಹಾಕುವ ಮೊದಲು ದರ ಸ್ಥಿರವೇ, ಚಕ್ರಬಡ್ಡಿ ಎಷ್ಟು ತಿಂಗಳಿಗೊಮ್ಮೆ, ಮೊದಲ ಬಡ್ಡಿ ಯಾವ ತಾರೀಖು ಎಂಬ ಮೂರನ್ನೂ ಕೇಳಿ ಬರೆಸಿಕೊಳ್ಳಬೇಕು.

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಸಾಲ ತೆಗೆದ ದಿನದಿಂದ ಆರು ತಿಂಗಳಿಗೆ ಮೊದಲ ಬಡ್ಡಿ ಎಂದೇ ಹೆಚ್ಚಿನವರ ನಂಬಿಕೆ. ಎಲ್‌ಐಸಿಯಲ್ಲಿ ಗಡುವು ನಡೆಯುವುದು ಪಾಲಿಸಿಯ ವಾರ್ಷಿಕ ದಿನದ ಮೇಲೆ. ಪಾಲಿಸಿ ಶುರುವಾದದ್ದು ಮಾರ್ಚ್ 28ಕ್ಕೆ ಎಂದಿಟ್ಟುಕೊಳ್ಳಿ. ಬಡ್ಡಿಯ ದಿನಗಳು ಮಾರ್ಚ್ 28 ಮತ್ತು ಸೆಪ್ಟೆಂಬರ್ 28. ಜುಲೈ 10ಕ್ಕೆ ಸಾಲ ತೆಗೆದರೆ ಮೊದಲ ಬಡ್ಡಿ ಅದೇ ಸೆಪ್ಟೆಂಬರ್ 28ಕ್ಕೆ, ಎಂಬತ್ತು ದಿನಗಳಿಗೆ. ಅಂದು ಕಟ್ಟದ ಬಡ್ಡಿ ಅಸಲಿಗೆ ಸೇರಿ, ಮರುದಿನದಿಂದ ಅದರ ಮೇಲೂ ಬಡ್ಡಿ ಓಡುತ್ತದೆ. ಎರಡು ತಿಂಗಳಲ್ಲೇ ಸಾಲ ತೀರಿಸುವವರಿಗೂ ಒಂದು ಮಾತು: ಕನಿಷ್ಠ ಆರು ತಿಂಗಳ ಬಡ್ಡಿಯನ್ನು ಕೊಡಲೇಬೇಕಾಗುತ್ತದೆ.

ಈಗ ಆ ತಾಯಿಯ ಲೆಕ್ಕ. ಅಂಕಿಗಳನ್ನು ಸ್ವಲ್ಪ ಸರಳ ಮಾಡಿದ್ದೇನೆ. 4 ಲಕ್ಷದ ಎಂಡೋಮೆಂಟ್ ಪಾಲಿಸಿ, ಅವಧಿ 21 ವರ್ಷ. ಹನ್ನೆರಡು ವರ್ಷ ಕಟ್ಟಿದ ಮೇಲೆ ಸರೆಂಡರ್ ಮೌಲ್ಯ 2,10,000 ರೂಪಾಯಿ ಇತ್ತು. ಅದರ ಶೇ. 90 ಎಂದರೆ 1,89,000. ಪೂರ್ತಿ ತೆಗೆದುಕೊಂಡರು, ಬಡ್ಡಿ ಶೇ. 9.5. ಸಾಲ ಬಂದ ವರ್ಷವೇ ಕೈ ಕಟ್ಟಿ ಪ್ರೀಮಿಯಂ ನಿಂತಿತು. ಬಡ್ಡಿಯನ್ನು ಒಮ್ಮೆಯೂ ಕಟ್ಟಲಿಲ್ಲ, ಏಕೆಂದರೆ ‘ನಡೆಯುತ್ತೆ’.

ಅರ್ಧವರ್ಷದ ಬಡ್ಡಿ 8,977 ರೂಪಾಯಿ 50 ಪೈಸೆ. ತಿಂಗಳಿಗೆ ಹಂಚಿದರೆ ಸುಮಾರು ಒಂದೂವರೆ ಸಾವಿರ. ಅದನ್ನು ಆಗಾಗ ಕಟ್ಟಿದ್ದರೆ ಆರು ವರ್ಷಕ್ಕೆ 1,07,730 ರೂಪಾಯಿ ಹೋಗುತ್ತಿತ್ತು, ಸಾಲ 1,89,000ದಲ್ಲೇ ನಿಂತಿರುತ್ತಿತ್ತು. ಕಟ್ಟದ ಕಾರಣ ಸಾಲ 3,29,845ಕ್ಕೆ ಬೆಳೆಯಿತು. ಶೇ. 9.5 ಎಂದು ಹೇಳುವ ದರ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ. 9.73 ಆಗುತ್ತದೆ, ಮತ್ತು ಏನೂ ಕಟ್ಟದಿದ್ದರೆ ಸುಮಾರು ಏಳೂವರೆ ವರ್ಷಕ್ಕೆ ಸಾಲ ಇಮ್ಮಡಿಯಾಗುತ್ತದೆ.

ಇತ್ತ ಪ್ರೀಮಿಯಂ ನಿಂತದ್ದರಿಂದ ಪಾಲಿಸಿ ಪೇಯ್ಡ್‌ಅಪ್ ಆಯಿತು. ಇಪ್ಪತ್ತೊಂದರಲ್ಲಿ ಹನ್ನೆರಡು ವರ್ಷದ ಪಾಲು, ಅಲ್ಲಿಯವರೆಗಿನ ಬೋನಸ್ ಸೇರಿ ಅವಧಿಯ ಕೊನೆಗೆ ಸುಮಾರು 4,39,000 ಎಂದು ಮೊತ್ತ ನಿಂತುಹೋಯಿತು. ಹೊಸ ಬೋನಸ್ ಇಲ್ಲ. ಅವಧಿ ಹತ್ತಿರವಾದಂತೆ ಸರೆಂಡರ್ ಮೌಲ್ಯ ಏರುತ್ತದೆ, ಆದರೆ ನಿಧಾನವಾಗಿ. ಆರು ವರ್ಷಕ್ಕೆ ಅದು 3,26,000 ಮುಟ್ಟಿತ್ತು. ಸಾಲ ಅದನ್ನು 3,845 ರೂಪಾಯಿಯಿಂದ ದಾಟಿತು. ನೋಟಿಸು ಬಂತು.

‘ನಡೀತಿತ್ತು ಅಮ್ಮ, ಪ್ರೀಮಿಯಂ ಕಟ್ತಾ ಇದ್ದಿದ್ರೆ’ ಎಂದು ಗುಮಾಸ್ತರು ಹೇಳಿದ್ದರ ಹಿಂದೆ ನಿಯಮವೇ ಇದೆ. ಪ್ರೀಮಿಯಂ ಕಟ್ಟುತ್ತಿರುವ ಚಾಲ್ತಿ ಪಾಲಿಸಿಯನ್ನಾಗಲಿ, ಎಲ್ಲ ಕಂತುಗಳನ್ನೂ ಕಟ್ಟಿ ಮುಗಿಸಿದ ಪಾಲಿಸಿಯನ್ನಾಗಲಿ, ಸಾಲ ಬೆಳೆದು ಸರೆಂಡರ್ ಮೌಲ್ಯ ಮೀರಿತೆಂಬ ಕಾರಣಕ್ಕೆ ಮುಚ್ಚುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ನಡುವೆ ಪ್ರೀಮಿಯಂ ನಿಲ್ಲಿಸಿದ ಪಾಲಿಸಿಗೆ ಆ ರಕ್ಷಣೆಯಿಲ್ಲ. ತಿಳಿಸಿ, ಅವಕಾಶ ಕೊಟ್ಟು ಮುಚ್ಚಬಹುದು. ಸಾಲ ತೆಗೆಯುವವರ ಕೈ ಬಿಗಿಯಾಗಿರುವ ಕಾಲದಲ್ಲೇ ಪ್ರೀಮಿಯಂ ನಿಲ್ಲುವುದೂ ಹೆಚ್ಚು. ಹಾಗಾಗಿ ಆ ಅರ್ಧ ಮಾತು, ಉಳಿದರ್ಧ ತಿಳಿಯುವ ಅಗತ್ಯ ಅತಿ ಹೆಚ್ಚಿರುವವರನ್ನೇ ಕೆಡಿಸುತ್ತದೆ. ನನ್ನ ಕೋಪ ಇರುವುದು ಇದರ ಮೇಲೆ. ಪ್ರೀಮಿಯಂ, ಬಡ್ಡಿ ಎರಡರಲ್ಲಿ ಒಂದನ್ನು ಮಾತ್ರ ಕಟ್ಟಲು ಸಾಧ್ಯ ಎಂಬ ಸ್ಥಿತಿಯಲ್ಲಿದ್ದವರಿಗೆ ಪ್ರೀಮಿಯಂ ನಿಂತರೆ ಏನಾಗುತ್ತದೆ ಎಂದು ಸಾಲದ ದಿನವೇ ಹೇಳದಿದ್ದರೆ ಇನ್ನೆಂದು ಹೇಳುತ್ತಾರೆ?

ಇನ್ನೊಂದು ಎಡವಟ್ಟನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರೀಮಿಯಂ ಬ್ಯಾಂಕಿನಿಂದ ತಾನಾಗಿ ಹೋಗುತ್ತಿದ್ದರೆ ಬಡ್ಡಿಯೂ ಅದರಲ್ಲೇ ಹೋಗುತ್ತಿದೆ ಎಂದು ಜನ ಅಂದುಕೊಳ್ಳುತ್ತಾರೆ. ಇಲ್ಲ, ಅದು ಬೇರೆ, ಇದು ಬೇರೆ. ಕಂಪನಿಯ ಜಾಲತಾಣದಲ್ಲೂ ಪ್ರೀಮಿಯಂ, ಸಾಲದ ಬಡ್ಡಿ, ಸಾಲ ಮರುಪಾವತಿ ಎಂದು ಬೇರೆ ಬೇರೆ ಬಾಗಿಲುಗಳು. ಪ್ರೀಮಿಯಂ ರಸೀದಿ ಕೈಯಲ್ಲಿದೆ ಎಂದರೆ ಬಡ್ಡಿ ಕಟ್ಟಿದಂತಲ್ಲ. ವರ್ಷಕ್ಕೆರಡು ಬಡ್ಡಿ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಕಟ್ಟಿದ ಮೇಲೆ ಸಾಲದ ಬಾಕಿ ಎಷ್ಟು ಎಂದು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಹಿಂದಿನ ಬಾಕಿಗಿಂತ ಹೆಚ್ಚಾಗಿ ಕಂಡರೆ ಎಲ್ಲೋ ಒಂದು ಬಡ್ಡಿ ಅಸಲಿಗೆ ಸೇರಿದೆ ಎಂದೇ ಅರ್ಥ.

ನೋಟಿಸು ಬಂದ ಮೇಲೆ ಆ ತಾಯಿಗೆ ಇದ್ದ ದಾರಿ ಯಾವುದು? ನಿಂತ ಪ್ರೀಮಿಯಂ ಕಟ್ಟಿ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರುವ ಗಡುವು ಅವರ ಪಾಲಿಸಿಯಲ್ಲಿ ಐದು ವರ್ಷ ಇತ್ತು, ಮುಗಿದಿತ್ತು. ಆದರೆ ಮಗ ಅಂದುಕೊಂಡಂತೆ ಮೂರು ಲಕ್ಷ ಚಿಲ್ಲರೆಯನ್ನೂ ಕಟ್ಟಬೇಕಿರಲಿಲ್ಲ. ‘ಬಾಕಿಯನ್ನು ಸರೆಂಡರ್ ಮೌಲ್ಯದ ಕೆಳಗೆ ತರಲು ಇವತ್ತು ಎಷ್ಟು ಕಟ್ಟಬೇಕು’ ಎಂದು ಕೇಳಬೇಕು. ಮೀರಿದ್ದು 3,845 ಮಾತ್ರ. ಅದರ ಜೊತೆಗೆ ಮುಂದಿನ ಅರ್ಧವರ್ಷದ ಬಡ್ಡಿ, ಸುಮಾರು 15,500 ರೂಪಾಯಿಯನ್ನು ಕಟ್ಟುತ್ತಾ ಹೋದರೆ ಪಾಲಿಸಿ ಉಳಿಯುತ್ತದೆ. ಇನ್ನು ಮೂರು ವರ್ಷ, ಆರು ಸಲದ ಬಡ್ಡಿ ಸುಮಾರು 93,000. ಕೊನೆಗೆ ಕೈಗೆ ಬರುವುದು ಸುಮಾರು 1,13,000, ಅಲ್ಲಿಯವರೆಗೆ ಪೇಯ್ಡ್‌ಅಪ್ ಮೊತ್ತದ ರಕ್ಷಣೆಯೂ ಇರುತ್ತದೆ. ಬಿಟ್ಟರೆ ಸರೆಂಡರ್ ಮೌಲ್ಯವೆಲ್ಲ ಸಾಲಕ್ಕೆ ಜಮೆಯಾಗಿ ಕೈಗೆ ಏನೂ ಬರುವುದಿಲ್ಲ.

ಹಾಗಂತ ಹೇಗಾದರೂ ಉಳಿಸಿಕೊಳ್ಳಿ ಎಂದು ನಾನು ಹೇಳಲಿಲ್ಲ. ಉಳಿತಾಯ ಖಾತೆಯಲ್ಲೋ ಠೇವಣಿಯಲ್ಲೋ ಇರುವ ಹಣದಿಂದ ಬಡ್ಡಿ ಕಟ್ಟುವುದಾದರೆ ಕಟ್ಟಲಿ. ಶೇ. 9.73ರ ಸಾಲ ತಗ್ಗುವುದು ಬ್ಯಾಂಕು ಕೊಡುವ ಬಡ್ಡಿಗಿಂತ ಲಾಭ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯ ಕೈಸಾಲ ತಂದು ಕಟ್ಟುವುದಾದರೆ ಅದು ವರ್ಷಕ್ಕೆ ಶೇ. 24. ಹಾಗೆ ಉಳಿಸಿದ ಪಾಲಿಸಿಯಿಂದ ನಷ್ಟವೇ. ಅವರ ಊರಿನ ಸಹಕಾರ ಸಂಘದಲ್ಲಿ ಸಣ್ಣದೊಂದು ಠೇವಣಿ ಇದೆಯಂತೆ. ಇವತ್ತಿನ ಬಾಕಿ ಮತ್ತು ಸರೆಂಡರ್ ಮೌಲ್ಯ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಂಡು ಹೋಗಿದ್ದಾರೆ. ನೋಟಿಸಿನ ಗಡುವಿಗೆ ಮೊದಲು ಮತ್ತೆ ಬರುತ್ತಾರೆ.